ಧಣಿಗಳ ಇಪ್ಪತ್ತು ನಿಮಿಷ

ಬೈಕಂಪಾಡಿಯಲ್ಲಿ ನನ್ನದೊಂದು ಸಣ್ಣ ರಟ್ಟಿನ ಪೆಟ್ಟಿಗೆಯ ಕಾರ್ಖಾನೆ ಇದೆ. ಗೇರುಬೀಜ ರಫ್ತು ಮಾಡುವ ಮಂಗಳೂರಿನ ಒಂದು ದೊಡ್ಡ ಸಂಸ್ಥೆಗೆ ಐದು ಪದರದ ಪೆಟ್ಟಿಗೆ ಕೊಡುತ್ತೇನೆ. 2024ರ ಮೇ ತಿಂಗಳಲ್ಲಿ ಆ ಸಂಸ್ಥೆಯ ಆಡಳಿತ ನಿರ್ದೇಶಕರನ್ನು ನೋಡಲೇಬೇಕಾಯಿತು. ಬಿಲ್ಲಿನ ಹಣ ಕೈಸೇರಲು 75 ದಿನ ಹಿಡಿಯುತ್ತಿತ್ತು, ಕಾಗದದ ಗಿರಣಿಯವರು ನನಗೆ ಕೊಡುತ್ತಿದ್ದ ಗಡುವು 30 ದಿನ. ನಡುವಿನ ಅಂತರವನ್ನು ಬ್ಯಾಂಕಿನ ಬಡ್ಡಿ ತಿನ್ನುತ್ತಿತ್ತು.

ಮೊದಲ ಮೇಲ್ ಬರೆದದ್ದು ಮೇ 20ರಂದು. "ಕೆಲವು ಮುಖ್ಯ ವಿಷಯಗಳನ್ನು ಚರ್ಚಿಸಬೇಕಿತ್ತು, ತಮಗೆ ಬಿಡುವಾದಾಗ ತಿಳಿಸಿದರೆ ಬಂದು ಕಾಣುತ್ತೇನೆ" ಎಂದು ತುಂಬ ವಿನಯದಿಂದ ಬರೆದಿದ್ದೆ. ಹತ್ತು ದಿನ ಕಳೆದರೂ ಉತ್ತರವಿಲ್ಲ. ಕೊನೆಗೆ ಅವರ ಪಿ.ಎ. ಆಗಿದ್ದ ಮಹಿಳೆಗೆ ಫೋನ್ ಮಾಡಿದೆ. ಅವರು ಆ ಮೇಲ್ ನೋಡಿದ್ದರಂತೆ. "ಎಷ್ಟು ಹೊತ್ತು ಬೇಕು, ಯಾವ ವಿಷಯ ಎಂದು ಬರೆಯದಿದ್ದರೆ ಡೈರಿಯಲ್ಲಿ ನಾನು ಎಲ್ಲಿ ಹಾಕಲಿ ಮಾರಾಯ್ರೇ? ಅವರಿಗೆ ಬಿಡುವು ಎಂಬುದು ತಾನಾಗಿ ಆಗುವುದೇ ಇಲ್ಲ" ಎಂದರು. ನನ್ನ ವಿನಯದ ಅರ್ಥ ಆಗ ತಿಳಿಯಿತು: ಹೊತ್ತು ಹುಡುಕುವ ಕೆಲಸವನ್ನೂ ವಿಷಯ ಊಹಿಸುವ ಕೆಲಸವನ್ನೂ ನಾನು ಅವರ ತಲೆಗೇ ಕಟ್ಟಿದ್ದೆ.

ಅದೇ ಫೋನಿನಲ್ಲಿ ಇನ್ನೆರಡು ಸಂಗತಿ ಕೇಳಿಕೊಂಡೆ. ಸೋಮವಾರ ಇಡೀ ದಿನ ಕಾರ್ಖಾನೆಯ ಸಭೆ, ಗುರುವಾರ ಹೆಚ್ಚಾಗಿ ಪ್ರಯಾಣ. ಬೆಳಿಗ್ಗೆ ಒಂಬತ್ತಕ್ಕೆ ಕಚೇರಿಗೆ ಬಂದರೆ ಮೊದಲ ಸಭೆ ಹತ್ತಕ್ಕೆ. ಇಷ್ಟು ತಿಳಿದ ಮೇಲೆ ಕುರುಡಾಗಿ ದಿನ ಸೂಚಿಸುವ ಅಗತ್ಯ ಉಳಿಯಲಿಲ್ಲ.

ಆದರೆ ಮೇಲ್ ಬರೆಯುವ ಮೊದಲು ಒಂದು ಕೆಲಸ ಬಾಕಿ ಇತ್ತು. ನಾನು ದಿನನಿತ್ಯ ವ್ಯವಹರಿಸುವುದು ಅಲ್ಲಿನ ಖರೀದಿ ವಿಭಾಗದ ಮ್ಯಾನೇಜರ್ ಜೊತೆಗೆ. ಅವರಿಗೆ ತಿಳಿಸದೆ ಧಣಿಗಳ ಬಳಿ ಹೋದರೆ ದೂರು ಕೊಡಲು ಹೋದಂತೆ ಕಾಣುತ್ತದೆ. ಮರುತಿಂಗಳೇ ಪೆಟ್ಟಿಗೆಯ ಅಂಚು ಸರಿಯಿಲ್ಲ, ಅಳತೆ ಎರಡು ಮಿಲಿಮೀಟರ್ ಹೆಚ್ಚು ಎಂದು ಸರಕು ವಾಪಸ್ ಬಂದರೆ ಕೇಳುವವರಿಲ್ಲ. ಹಾಗಾಗಿ ಅವರ ಮುಂದೆ ಕೂತು ನೇರವಾಗಿ ಕೇಳಿದೆ: ಪಾವತಿಯ ಅವಧಿ ಇಳಿಸುವುದು ನಿಮ್ಮ ಕೈಯಲ್ಲಿದೆಯೇ? ಇಲ್ಲ ಎಂದರು. ಹಾಗಾದರೆ ಅದನ್ನು ಮಾತ್ರ ಮೇಲೆ ಕೇಳುತ್ತೇನೆ, ನೀವೂ ಜೊತೆಗಿರಬೇಕು ಎಂದೆ. ದರದ ಮಾತು ಅವರ ವ್ಯಾಪ್ತಿಯದ್ದು, ಅದನ್ನು ಕಾರ್ಯಸೂಚಿಯಿಂದ ತೆಗೆದುಹಾಕಿದೆ. ಕೆಳಗೆ ತೀರುವ ವಿಷಯವನ್ನು ಮೇಲೆ ಒಯ್ದರೆ ಎರಡು ಕಡೆಯೂ ಮುಖ ಕೆಡುತ್ತದೆ.

ಜೂನ್ 4 ಚುನಾವಣಾ ಫಲಿತಾಂಶದ ದಿನ, ಎಲ್ಲರ ಕಣ್ಣೂ ಟಿವಿಯ ಮೇಲೆ. ಮರುದಿನ ಬೆಳಿಗ್ಗೆ ಕಳಿಸಿದೆ. ನಮ್ಮಲ್ಲಿ ಮಾತು ತುಳುವಿನಲ್ಲಿ, ಮೇಲ್ ಮಾತ್ರ ಇಂಗ್ಲಿಷಿನಲ್ಲಿ. ಕನ್ನಡದಲ್ಲಿ ಅದು ಹೀಗಿತ್ತು:

ವಿಷಯ: 20 ನಿಮಿಷದ ಭೇಟಿ – ಪೆಟ್ಟಿಗೆ ಬಿಲ್ಲಿನ ಪಾವತಿ 45 ದಿನಕ್ಕೆ

ಮಾನ್ಯರೇ,
ನಮ್ಮ ಬಿಲ್ಲುಗಳ ಪಾವತಿಯನ್ನು 75 ದಿನದಿಂದ 45 ದಿನಕ್ಕೆ ಇಳಿಸುವ ಕುರಿತು ನಿಮ್ಮ ತೀರ್ಮಾನ ಬೇಕಾಗಿದೆ. ನಾನೇ ನಿಮ್ಮ ಕಚೇರಿಗೆ ಬರುತ್ತೇನೆ. ಖರೀದಿ ಮ್ಯಾನೇಜರ್ ಅವರಿಗೆ ವಿಷಯ ತಿಳಿದಿದೆ, ಅವರೂ ಇರುತ್ತಾರೆ.

1. ಜೂನ್ 11, ಮಂಗಳವಾರ, ಬೆಳಿಗ್ಗೆ 9.15ರಿಂದ 9.35
2. ಜೂನ್ 12, ಬುಧವಾರ, ಸಂಜೆ 4.30ರಿಂದ 4.50
3. ಜೂನ್ 14, ಶುಕ್ರವಾರ, ಮಧ್ಯಾಹ್ನ 12.10ರಿಂದ 12.30

ಉತ್ತರವಾಗಿ ಅಂಕಿ ಮಾತ್ರ ಬರೆದರೆ ಸಾಕು. ಜೂನ್ 7ರ ಸಂಜೆಯವರೆಗೆ ಮೂರೂ ಹೊತ್ತನ್ನು ನಿಮಗಾಗಿ ಕಾದಿರಿಸಿದ್ದೇನೆ.

ಕಾರ್ಯಸೂಚಿ:
ಪಾವತಿ 45 ದಿನಕ್ಕೆ – ನಿಮ್ಮ ತೀರ್ಮಾನ (10 ನಿಮಿಷ)
ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ ತಿಂಗಳಿಗೆ ಎಷ್ಟು ಪೆಟ್ಟಿಗೆ – ಅಂದಾಜು ಕೊಡಲು ಒಪ್ಪಿಗೆ (7 ನಿಮಿಷ)
ಮುಂದೆ ಇದನ್ನು ನೋಡಿಕೊಳ್ಳುವವರು ಯಾರು (3 ನಿಮಿಷ)

ಇದಕ್ಕೆ ಒಂದು ಪುಟದ ಲೆಕ್ಕ ಲಗತ್ತಿಸಿದ್ದೆ, ಅಷ್ಟೇ. ವಿಷಯದ ಸಾಲಿನಲ್ಲಿ "20 ನಿಮಿಷ" ಮೊದಲು ಬಂದದ್ದು ಬೇಕೆಂದೇ. ಅವರು ಮೇಲ್ ನೋಡುವುದು ಮೊಬೈಲಿನಲ್ಲಿ, ಅಲ್ಲಿ ಸಾಲಿನ ಬಾಲ ತುಂಡಾಗುತ್ತದೆ. ಮೂರು ಹೊತ್ತುಗಳು ಬೇರೆ ಬೇರೆ ದಿನದವು, ದಿನದ ಬೇರೆ ಬೇರೆ ಭಾಗದವು. ಒಂದೇ ಬೆಳಗಿನ ಮೂರು ಹೊತ್ತು ಕೊಟ್ಟರೆ ಅಂದು ಅವರು ಊರಲ್ಲಿ ಇಲ್ಲದಿದ್ದಾಗ ಮೂರೂ ಒಟ್ಟಿಗೆ ಬಿದ್ದುಹೋಗುತ್ತವೆ. 17ರ ಸೋಮವಾರ ಬಕ್ರೀದ್ ರಜೆ, ಅದನ್ನು ದಾಟಿದರೆ ವಿಷಯ ಹಳತಾಗುತ್ತದೆ ಎಂದು ಆ ವಾರದೊಳಗೇ ನಿಲ್ಲಿಸಿದೆ.

ಕಾರ್ಯಸೂಚಿಯ ಮೊದಲ ಸಾಲಿಗೆ ಒಂದು ಸಂಜೆ ಹೋಯಿತು. "ಪಾವತಿ ಕುರಿತು ಚರ್ಚೆ" ಎಂದು ಮೊದಲು ಬರೆದಿದ್ದೆ. ಅದನ್ನು ಓದಿದವರಿಗೆ ನಾನು ಗೋಳು ಹೇಳಲು ಬರುತ್ತಿದ್ದೇನೆ ಎಂದೇ ಅನ್ನಿಸುತ್ತದೆ. ಏನನ್ನು ಒಪ್ಪಬೇಕು ಅಥವಾ ಬಿಡಬೇಕು ಎಂದು ಬರೆದಾಗ ಮಾತ್ರ ಅದು ಅವರ ಕೆಲಸವಾಗುತ್ತದೆ. ಲಗತ್ತಿಸಿದ ಪುಟದಲ್ಲೂ ನನ್ನ ಬಡ್ಡಿಯ ಲೆಕ್ಕವನ್ನು ಕೆಳಗಿಟ್ಟು, ಅವರಿಗೆ ತಟ್ಟುವುದನ್ನು ಮೇಲಿಟ್ಟೆ. ನೋಂದಾಯಿತ ಸಣ್ಣ ಉತ್ಪಾದಕರಿಗೆ ಲಿಖಿತ ಒಪ್ಪಂದವಿದ್ದರೂ 45 ದಿನ ಮೀರಿ ಹಣ ಬಾಕಿ ಇಟ್ಟರೆ, ಖರೀದಿಸಿದವರು ಅದನ್ನು ಪಾವತಿಸಿದ ವರ್ಷದಲ್ಲಿ ಮಾತ್ರ ಖರ್ಚಾಗಿ ತೋರಿಸಬಹುದು. ಹೀಗೆ ಗಡುವು ಮೀರಿ ಮಾರ್ಚ್ ಕೊನೆಗೆ ಬಾಕಿ ಉಳಿದ ಮೊತ್ತಕ್ಕೆ ಆ ವರ್ಷ ತೆರಿಗೆ ಕಟ್ಟಬೇಕು. ಆದಾಯ ತೆರಿಗೆಯ ಈ ನಿಯಮ ಆಗ ಹೊಸದು.

ಇಷ್ಟೆಲ್ಲ ಮಾಡಿದವನು ಒಂದು ಎಡವಟ್ಟನ್ನೂ ಮಾಡಿದ್ದೆ. ಮೇಲೆ ಕೊಟ್ಟಿರುವುದು ತಿದ್ದಿದ ರೂಪ. ಮೊದಲು ಕಳಿಸಿದ್ದರಲ್ಲಿ "ಜೂನ್ 11, ಬುಧವಾರ" ಎಂದಿತ್ತು. ಅರ್ಧ ಗಂಟೆಯಲ್ಲಿ ಪಿ.ಎ. ಫೋನ್ ಬಂತು: "ಬರುವುದು ಹನ್ನೊಂದಕ್ಕೋ, ಬುಧವಾರವೋ?" ವಾರವನ್ನೂ ಬರೆದಿದ್ದರಿಂದ ತಪ್ಪು ಸಿಕ್ಕಿತು. ತಾರೀಖು ಮಾತ್ರ ಇದ್ದಿದ್ದರೆ ನಾನು ಬುಧವಾರ ಹೋಗಿ ನಿಲ್ಲುತ್ತಿದ್ದೆ.

ಶುಕ್ರವಾರ ಮಧ್ಯಾಹ್ನದವರೆಗೂ ಸುದ್ದಿಯಿಲ್ಲ. ಧಣಿಗಳಿಗೆ ವಾಟ್ಸಾಪ್ ಮಾಡಲು ಕೈ ತುರಿಸಿತು, ಮಾಡಲಿಲ್ಲ. ಅದೇ ಮೇಲಿಗೆ ಉತ್ತರದ ರೂಪದಲ್ಲಿ "ಬುಧವಾರದ ಹೊತ್ತು ಬೇರೆಯವರಿಗೆ ಕೊಡಬೇಕಾಗಿದೆ, 1 ಮತ್ತು 3 ಸೋಮವಾರದವರೆಗೆ ಇರುತ್ತವೆ" ಎಂದು ಒಂದು ಸಾಲು ಹಾಕಿದೆ. ಕಾರ್ಕಳದ ಗಿರಾಕಿಯೊಬ್ಬರು ನಿಜವಾಗಿಯೂ ಆ ಹೊತ್ತು ಕೇಳಿದ್ದರು. ಸುಳ್ಳೇ ಅವಸರ ತೋರಿಸಿದರೆ ಈ ಊರಲ್ಲಿ ಒಂದು ಮದುವೆ ಮನೆಯೂಟಕ್ಕೆಲ್ಲ ಅದು ಹೊರಬೀಳುತ್ತದೆ. ಐದೂವರೆಗೆ ಉತ್ತರ ಬಂತು, ಪೂರ್ತಿ ಮೇಲಿನಲ್ಲಿ ಇದ್ದದ್ದು "1" ಎಂಬ ಅಂಕಿ ಮಾತ್ರ. ಕ್ಯಾಲೆಂಡರ್ ಆಹ್ವಾನ ಕಳಿಸಿದ್ದು ಆಮೇಲೆಯೇ, ಕಾರ್ಯಸೂಚಿಯನ್ನೂ ಲೆಕ್ಕದ ಪುಟವನ್ನೂ ಅದರೊಳಗೆ ಮತ್ತೆ ಹಾಕಿ.

ಮಂಗಳವಾರ ಮಳೆಗಾಲದ ಬೆಳಗು. ಕೂಳೂರು ಸೇತುವೆಯ ಸಾಲನ್ನೂ ಕೊಟ್ಟಾರ ಚೌಕಿಯ ನೀರನ್ನೂ ಲೆಕ್ಕ ಹಾಕಿ ಎಂಟಕ್ಕೇ ಹೊರಟು, ಒಂಬತ್ತಕ್ಕೆ ಹತ್ತು ನಿಮಿಷ ಇರುವಾಗ ತಲುಪಿದೆ. ಧಣಿಗಳ ಮೇಜಿನ ಮೇಲೆ ಆ ಒಂದು ಪುಟ ಇತ್ತು, ತೆರಿಗೆಯ ಸಾಲಿನ ಕೆಳಗೆ ಪೆನ್ಸಿಲ್ ಗೆರೆ. ಲೆಕ್ಕಪತ್ರದವರನ್ನು ಕರೆಸಿ ಎರಡು ಪ್ರಶ್ನೆ ಕೇಳಿದರು, ಜುಲೈ 1ರ ನಂತರದ ಬಿಲ್ಲುಗಳಿಗೆ 45 ದಿನ ಎಂದರು. ಅಷ್ಟರಲ್ಲಿ ಫೋನ್ ಬಂದು ಎದ್ದೇಬಿಟ್ಟರು. ಗಡಿಯಾರದಲ್ಲಿ 9.27. ಮುಖ್ಯ ಮಾತನ್ನು ಮೊದಲಿಗೆ ಇಟ್ಟದ್ದರಿಂದ ಬದುಕಿದೆ. ಅಂದೇ ಮಧ್ಯಾಹ್ನ ಆ ತೀರ್ಮಾನವನ್ನು ಎರಡು ಸಾಲಿನಲ್ಲಿ ಬರೆದು, ಪಿ.ಎ., ಲೆಕ್ಕಪತ್ರ ವಿಭಾಗ ಮತ್ತು ಖರೀದಿ ಮ್ಯಾನೇಜರ್ ಮೂವರಿಗೂ ಪ್ರತಿ ಹಾಕಿದೆ. ಪೆಟ್ಟಿಗೆಗಳ ಅಂದಾಜಿನ ಮಾತು ಅಂದು ಬರಲೇ ಇಲ್ಲ. ಅದನ್ನು ಖರೀದಿ ಮ್ಯಾನೇಜರ್ ಜೊತೆ ಕೆಳಗಿನ ಕ್ಯಾಂಟೀನಿನಲ್ಲಿ ಬನ್ಸ್ ತಿನ್ನುತ್ತಾ ಮುಗಿಸಿದೆವು.