ಕೊಡೆ ಮರೆತ ಹುಡುಗನನ್ನು ಕಥೆಯಿಂದ ತೆಗೆದುಹಾಕಿದೆ

ಕಲಿತ ಪಾಠವನ್ನು ಕೆಲವು ದಿನಗಳ ಅಂತರ ಬಿಟ್ಟು ಪುನರಾವರ್ತನೆ ಮಾಡುವುದನ್ನು ಮಕ್ಕಳಿಗೆ ತಿಳಿಸಲು ನಾನು ಮಾಡಿದ ಮೊದಲ ವಿಡಿಯೊದಲ್ಲಿ ಒಬ್ಬ ಮರೆಗುಳಿ ಹುಡುಗನಿದ್ದ. ಕೊಡೆ ಮರೆಯುತ್ತಿದ್ದ, ನೀರಿನ ಬಾಟಲಿ ಮರೆಯುತ್ತಿದ್ದ, ಎರಡು ಕಾಲಿಗೆ ಎರಡು ಬಣ್ಣದ ಕಾಲುಚೀಲ ಹಾಕಿಕೊಂಡು ತರಗತಿಗೆ ಬರುತ್ತಿದ್ದ. ಪಾಠವನ್ನೂ ಹಾಗೆಯೇ ಮರೆಯುತ್ತಿದ್ದ. ಕೊನೆಗೆ ಅವನ ಶಿಕ್ಷಕಿ ಕ್ಯಾಲೆಂಡರಿನಲ್ಲಿ ನಾಲ್ಕು ದಿನಗಳಿಗೆ ಗುರುತು ಹಾಕಿಕೊಡುತ್ತಾರೆ, ಅವನು ಆ ದಿನಗಳಲ್ಲಿ ಪಾಠ ಓದುತ್ತಾನೆ, ಪರೀಕ್ಷೆಯಲ್ಲಿ ಎಲ್ಲವೂ ನೆನಪಿಗೆ ಬರುತ್ತದೆ. ಆರು ನಿಮಿಷದ ವಿಡಿಯೊ. ತರಗತಿಯಲ್ಲಿ ಹಾಕಿದಾಗ ಮಕ್ಕಳು ಬಿದ್ದು ಬಿದ್ದು ನಕ್ಕರು, ನಾನೂ ಉಬ್ಬಿಹೋದೆ.

ಒಂದು ವಾರದ ನಂತರ, ವಿಡಿಯೊದಲ್ಲಿ ಏನಿತ್ತು ಎಂದು ಕೇಳಿದೆ. ಕೊಡೆ ಎಂದರು, ಕಾಲುಚೀಲದ ಬಣ್ಣವನ್ನೂ ಹೇಳಿದರು. ಕ್ಯಾಲೆಂಡರಿನ ವಿಷಯ ಇಬ್ಬರಿಗೆ ಮಾತ್ರ ನೆನಪಿತ್ತು. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಮುಗ್ಧವಾಗಿ ಹೇಳಿದಳು: "ಟೀಚರ್, ಅವನಿಗೆ ಮರೆವಿನ ತೊಂದರೆ ಇತ್ತು. ನನಗೆ ಹಾಗೇನೂ ಇಲ್ಲ."

ಆ ಮಾತು ನನ್ನ ಕಥೆಯ ಬುಡಕ್ಕೇ ಕೊಡಲಿ ಹಾಕಿತು. ಕೊಡೆ ಮರೆಯುವುದು ಗಮನ ಬೇರೆಲ್ಲೋ ಇದ್ದದ್ದರಿಂದ. ಕೊಡೆ ತನ್ನದೆಂಬುದು, ಮಳೆಗೆ ಬೇಕೆಂಬುದು ಅವನಿಗೆ ಚೆನ್ನಾಗಿ ಗೊತ್ತು, ಎದ್ದು ಹೊರಡುವ ಹೊತ್ತಿಗೆ ಹೊಳೆಯಲಿಲ್ಲ, ಅಷ್ಟೇ. ಎಷ್ಟು ಪುನರಾವರ್ತನೆ ಮಾಡಿದರೂ ಆ ಮರೆವು ಹೋಗುವುದಿಲ್ಲ. ಪಾಠದ ಮರೆವು ಬೇರೆ ಜಾತಿಯದು. ಗಮನ ಕೊಟ್ಟು ಓದಿ, ಅರ್ಥ ಮಾಡಿಕೊಂಡು, ರಾತ್ರಿ ತಪ್ಪಿಲ್ಲದೆ ಒಪ್ಪಿಸಿದ್ದು ಹತ್ತು ದಿನ ಮುಟ್ಟದೆ ಬಿಟ್ಟರೆ ಕೈಗೆ ಸಿಗದಂತೆ ಜಾರುತ್ತದೆ. ಅಂತರದ ಪುನರಾವರ್ತನೆಗೆ ಕೆಲಸವಿರುವುದು ಈ ಮರೆವಿನ ಮೇಲೆ, ಮತ್ತು ಇದು ಎಲ್ಲರಿಗೂ ಇದೆ. ನಗಿಸುವ ಆಸೆಗೆ ಬಿದ್ದು ನಾನು ಎರಡನ್ನೂ ಒಂದೇ ಹುಡುಗನ ತಲೆಗೆ ಕಟ್ಟಿದ್ದೆ. ಹಾಗಾಗಿ ನೋಡಿದವರಿಗೆ ಅದು ಅವನೊಬ್ಬನ ದೋಷವಾಗಿ ಕಂಡಿತು.

ಎರಡನೆಯ ಬಾರಿ ಬರೆದಾಗ ಹುಡುಗ ಅಚ್ಚುಕಟ್ಟಾದವನಾದ. ಅವನ ಚೀಲದಲ್ಲಿ ಎಲ್ಲವೂ ಇರುತ್ತದೆ. ತಿಂಗಳ ಮೊದಲ ದಿನ ಹೃದಯದಲ್ಲಿ ರಕ್ತ ಹರಿಯುವ ದಾರಿಯನ್ನು ಕಲಿತು, ಎಂಟು ನಿಲ್ದಾಣಗಳನ್ನೂ ಸರಿಯಾಗಿ ಹೇಳುತ್ತಾನೆ: ಬಲ ಹೃತ್ಕರ್ಣ, ಬಲ ಹೃತ್ಕುಕ್ಷಿ, ಪುಪ್ಪುಸಕ ಅಪಧಮನಿ, ಶ್ವಾಸಕೋಶ, ಪುಪ್ಪುಸಕ ಅಭಿಧಮನಿ, ಎಡ ಹೃತ್ಕರ್ಣ, ಎಡ ಹೃತ್ಕುಕ್ಷಿ, ಮಹಾಪಧಮನಿ. "ಇದು ಬಂತು, ಇನ್ನು ಪರೀಕ್ಷೆಯ ಹಿಂದಿನ ದಿನ ನೋಡಿದರೆ ಸಾಕು" ಎಂದು ಪುಸ್ತಕ ಮುಚ್ಚುತ್ತಾನೆ. ಹತ್ತನೆಯ ದಿನ ತಂಗಿ ಸುಮ್ಮನೆ ಕೇಳುತ್ತಾಳೆ: "ಅಣ್ಣಾ, ರಕ್ತ ಶ್ವಾಸಕೋಶಕ್ಕೆ ಯಾವುದರ ಮೂಲಕ ಹೋಗುತ್ತದೆ?" ಅವನು ಬಾಯಿ ತೆರೆಯುತ್ತಾನೆ, ಉತ್ತರ ಬರುವುದಿಲ್ಲ. ಇಲ್ಲಿ ಯಾರೂ ನಗಲಿಲ್ಲ. ಒಬ್ಬಿಬ್ಬರು ತಲೆ ತಗ್ಗಿಸಿದರು.

ಈ ಪಾಠವನ್ನು ಆರಿಸಿದ್ದಕ್ಕೆ ಕಾರಣವಿತ್ತು. ಅದರಲ್ಲಿ ಒಂದು ಸಹಜವಾದ ಎಡವುಗಲ್ಲಿದೆ. ಅಪಧಮನಿಯೆಂದರೆ ಆಮ್ಲಜನಕ ತುಂಬಿದ ರಕ್ತ ಎಂದು ಮಕ್ಕಳು ಮನಸ್ಸಿನಲ್ಲಿ ಗಂಟು ಹಾಕಿಕೊಂಡಿರುತ್ತಾರೆ. ಆದರೆ ಪುಪ್ಪುಸಕ ಅಪಧಮನಿಯಲ್ಲಿ ಹರಿಯುವುದು ಆಮ್ಲಜನಕ ಕಡಿಮೆಯಿರುವ ರಕ್ತ. ಹೃದಯದಿಂದ ಹೊರಗೆ ಒಯ್ಯುವ ನಾಳ ಎಂಬ ಕಾರಣಕ್ಕೆ ಅದು ಅಪಧಮನಿ. ಇದನ್ನು ಗಟ್ಟಿಯಾಗಿ ಅರ್ಥ ಮಾಡಿಕೊಳ್ಳದವನು ಮೂರನೆಯ ಮತ್ತು ಐದನೆಯ ನಿಲ್ದಾಣಗಳನ್ನು ಪ್ರತಿ ಬಾರಿಯೂ ಅದಲುಬದಲು ಮಾಡುತ್ತಾನೆ. ಎಂಟೂ ಒಂದೇ ವೇಗದಲ್ಲಿ ಮರೆಯುವುದಿಲ್ಲ, ಕೆಲವು ಮಾತ್ರ ಜಾರುತ್ತವೆ ಎಂಬುದನ್ನು ತೋರಿಸಲು ನನಗೆ ಇಂಥದ್ದೇ ಬೇಕಿತ್ತು.

ಮೊದಲ ವಿಡಿಯೊದಲ್ಲಿ ಇನ್ನೊಂದು ತಪ್ಪಿತ್ತು. ಅದನ್ನು ತೋರಿಸಿಕೊಟ್ಟವರು ಗಣಿತ ಕಲಿಸುವ ನನ್ನ ಸಹೋದ್ಯೋಗಿ. "ಒಂದೇ ದಿನದಲ್ಲಿ ಓದಿದ್ದರ ಮೂರನೇ ಎರಡು ಭಾಗ ಮರೆತುಹೋಗುತ್ತದೆ" ಎಂದು, ದಿನ ಕಳೆದಂತೆ ನೆನಪು ಇಳಿಯುವುದನ್ನು ತೋರಿಸುವ ಮರೆವಿನ ರೇಖೆಯನ್ನು ತೋರಿಸಿ ಹೇಳಿದ್ದೆ. "ಅದನ್ನು ಅಳೆದದ್ದು ಹೇಗೆ?" ಎಂದು ಅವರು ಕೇಳಿದರು. ಉತ್ತರಿಸಲಾಗದೆ ಓದಲು ಕುಳಿತೆ. ಆ ರೇಖೆಗೆ ಮೂಲವಾದ, ಜರ್ಮನ್ ಮನೋವಿಜ್ಞಾನಿ ಹರ್ಮನ್ ಎಬ್ಬಿಂಗ್‌ಹಾಸ್ 1885ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಕಲಿತವನೂ ಅವನೇ, ಪರೀಕ್ಷಿಸಿದವನೂ ಅವನೇ. ಕಲಿತದ್ದು ಅರ್ಥವಿಲ್ಲದ ಉಚ್ಚಾರಗಳ ಪಟ್ಟಿಗಳನ್ನು. ಎಷ್ಟು ಉಚ್ಚಾರ ನೆನಪಿವೆ ಎಂದು ಅವನು ಎಣಿಸಲಿಲ್ಲ. ಅದೇ ಪಟ್ಟಿಯನ್ನು ಮತ್ತೆ ತಪ್ಪಿಲ್ಲದೆ ಹೇಳುವಷ್ಟು ಕಲಿಯಲು ಮೊದಲಿಗಿಂತ ಎಷ್ಟು ಕಡಿಮೆ ಹೊತ್ತು ಸಾಕಾಯಿತು ಎಂದು ನೋಡಿದ. ಒಂದು ದಿನದ ನಂತರ ಆ ಉಳಿತಾಯ ಶೇ 34ರಷ್ಟಿತ್ತು, 31 ದಿನಗಳ ನಂತರ ಶೇ 21ರಷ್ಟು. ಅಂದರೆ ಮೊದಲು ಹತ್ತು ನಿಮಿಷ ಬೇಕಾಗಿದ್ದರೆ ಮರುದಿನ ಸುಮಾರು ಆರೂವರೆ ನಿಮಿಷ ಸಾಕು. ಅರ್ಥವಿರುವ ಪಾಠ ಇಷ್ಟು ಬೇಗ ಕರಗುವುದೂ ಇಲ್ಲ. ಆದ್ದರಿಂದ ಹೊಸ ವಿಡಿಯೊದಲ್ಲಿ ಅಂಕಿಗಳನ್ನು ಕೈಬಿಟ್ಟು ರೇಖೆಯ ಆಕಾರವನ್ನಷ್ಟೇ ಉಳಿಸಿಕೊಂಡೆ: ಮೊದಲ ಒಂದೆರಡು ದಿನ ಕಡಿದಾದ ಇಳಿಜಾರು, ಆಮೇಲೆ ಬಹುತೇಕ ಸಮತಟ್ಟು.

ಓದುತ್ತಾ ಹೋದಂತೆ ಕಥೆಯ ತಿರುವೂ ಅಲ್ಲೇ ಸಿಕ್ಕಿತು. ತಂಗಿಯ ಎದುರು ತಡವರಿಸಿದ ಹುಡುಗ "ಎಲ್ಲವೂ ಹೋಯಿತು" ಎಂದುಕೊಂಡು ಗಡಿಯಾರ ನೋಡಿ ಮತ್ತೆ ಕಲಿಯಲು ಕೂರುತ್ತಾನೆ. ಮೊದಲ ದಿನಕ್ಕಿಂತ ಬೇಗ ಮುಗಿಯುತ್ತದೆ. ಒಳಗೆ ಏನೋ ಉಳಿದಿತ್ತು ಎಂದು ಅವನಿಗೆ ಗೊತ್ತಾಗುವುದು ಹೀಗೆ. ಆ ನಿಮಿಷಗಳನ್ನು ಕಲ್ಪಿಸಿ ಬರೆಯಲು ಮನಸ್ಸು ಬರಲಿಲ್ಲ. ನಾನೇ ಮಿದುಳಿನ ಹನ್ನೆರಡು ಜೊತೆ ನರಗಳ ಹೆಸರುಗಳನ್ನು ಕ್ರಮವಾಗಿ ಕಲಿತೆ. ನೋಡದೆ ಎರಡು ಬಾರಿ ತಪ್ಪಿಲ್ಲದೆ ಬರೆದರೆ ಮುಗಿಯಿತು ಎಂಬ ನಿಯಮ. ಮೊದಲ ದಿನ 22 ನಿಮಿಷ ಹಿಡಿಯಿತು, ಎರಡನೆಯ ದಿನ 9, ಐದನೆಯ ದಿನ 6, ಹನ್ನೆರಡನೆಯ ದಿನ 4. ಇದು ಪ್ರಯೋಗವೇನಲ್ಲ, ಒಬ್ಬಳ ಗಡಿಯಾರ ಅಷ್ಟೇ. ಆದರೂ ಅಂತರ ಹಿಗ್ಗುತ್ತಿದ್ದರೂ ಹೊತ್ತು ಕುಗ್ಗುತ್ತಿತ್ತಲ್ಲ, ಅದನ್ನೇ ಹುಡುಗನಿಗೂ ಕೊಟ್ಟೆ.

ನನ್ನ ಅತಿ ದೊಡ್ಡ ತಪ್ಪನ್ನು ಇನ್ನೂ ಹೇಳಿಲ್ಲ. ಮೊದಲ ಕಥೆಯಲ್ಲಿ ಗುರುತು ಹಾಕಿದ ದಿನ ಬಂದಾಗ ಹುಡುಗ ಪುಸ್ತಕ ತೆರೆದು ಓದುತ್ತಿದ್ದ. ಚಿತ್ರವೂ ಚೆನ್ನಾಗಿತ್ತು, ದೀಪದ ಬೆಳಕು, ತೆರೆದ ಪುಟ. ವಿಡಿಯೊ ನೋಡಿ ನಿಷ್ಠೆಯಿಂದ ಪಾಲಿಸಿದ ನಾಲ್ಕೈದು ಮಕ್ಕಳು ಹಾಗೆಯೇ ಮಾಡಿದರು. ಸರಿಯಾದ ದಿನಗಳಲ್ಲಿ ಪುಟದ ಮೇಲೆ ಕಣ್ಣಾಡಿಸಿದರು, ಎಲ್ಲವೂ ಪರಿಚಿತವಾಗಿ ಕಂಡಿತು, ಸಮಾಧಾನದಿಂದ ಎದ್ದರು. ಕಿರುಪರೀಕ್ಷೆಯಲ್ಲಿ ಬಿಟ್ಟ ಸ್ಥಳಗಳು ಖಾಲಿಯಾಗಿಯೇ ಉಳಿದವು. "ಪುಸ್ತಕ ನೋಡಿದಾಗ ಗೊತ್ತಿತ್ತು ಟೀಚರ್" ಎಂದರು. ಇದೊಂದು ವಾಕ್ಯ ಕಿವಿಗೆ ಬಿದ್ದರೆ ಸಾಕು, ಏನಾಗಿದೆ ಎಂದು ಈಗ ನನಗೆ ತಿಳಿಯುತ್ತದೆ. ಪುಟವನ್ನು ಗುರುತಿಸುವುದು ಬೇರೆ, ಪುಟವಿಲ್ಲದೆ ಹೊರತೆಗೆಯುವುದು ಬೇರೆ. ಮನೋವಿಜ್ಞಾನಿಗಳಾದ ರೋಡಿಗರ್ ಮತ್ತು ಕಾರ್ಪಿಕೆ 2006ರಲ್ಲಿ ತೋರಿಸಿದ್ದೂ ಇದನ್ನೇ: ಐದು ನಿಮಿಷದ ನಂತರ ಕೇಳಿದರೆ ಮತ್ತೆ ಓದಿದವರೇ ಮುಂದಿದ್ದರು, ಒಂದು ವಾರದ ನಂತರ ಕೇಳಿದಾಗ ನೋಡದೆ ನೆನಪಿಸಿಕೊಂಡವರು ಅವರನ್ನು ಹಿಂದೆ ಹಾಕಿದರು. ಮತ್ತೆ ಓದಿದವನಿಗೆ ಆ ಕ್ಷಣದಲ್ಲಿ ತನ್ನ ದಾರಿಯೇ ಸರಿಯೆನಿಸುವುದರಲ್ಲಿ ಆಶ್ಚರ್ಯವಿಲ್ಲ.

ಹಾಗಾಗಿ ಹೊಸ ಕಥೆಯಲ್ಲಿ ಪುಸ್ತಕ ಮುಚ್ಚಿಯೇ ಇರುತ್ತದೆ. ಹುಡುಗ ಖಾಲಿ ಹಾಳೆ ತೆಗೆದು ಎಂಟರವರೆಗೆ ಅಂಕಿ ಬರೆದುಕೊಳ್ಳುತ್ತಾನೆ. ಎರಡನೆಯ ಅಂಕಿಯಾದ ಮೇಲೆ ಪೆನ್ಸಿಲು ನಿಲ್ಲುತ್ತದೆ. ಆ ನಿಲುಗಡೆಯನ್ನು ನಾನು ಕತ್ತರಿಸಲಿಲ್ಲ. ಹನ್ನೆರಡು ಸೆಕೆಂಡು ಮೌನ. ನಂತರ ಅವನು ತಪ್ಪನ್ನೇ ಬರೆಯುತ್ತಾನೆ, ಉಳಿದವನ್ನು ತುಂಬುತ್ತಾನೆ, ಆಮೇಲೆ ಪುಸ್ತಕ ತೆರೆದು ಮೂರಕ್ಕೂ ಐದಕ್ಕೂ ಸುತ್ತು ಹಾಕುತ್ತಾನೆ. ಸಂಕಲನ ಮಾಡಿಕೊಟ್ಟ ಗೆಳತಿ "ಇಷ್ಟು ಹೊತ್ತು ಏನೂ ಆಗದಿದ್ದರೆ ಜನ ಎದ್ದುಹೋಗುತ್ತಾರೆ" ಎಂದಳು. ಇಡೀ ವಿಡಿಯೊದಲ್ಲಿ ಏನಾದರೂ ಆಗುವುದು ಅಲ್ಲೇ ಎಂದು ನಾನು ಹಟ ಹಿಡಿದೆ.

ನೋಡುವವರಿಂದಲೂ ಇದನ್ನು ಮಾಡಿಸಬೇಕೆನಿಸಿತು. ಎರಡನೆಯ ನಿಮಿಷದಲ್ಲಿ ದಾರಿಯ ಚಿತ್ರವನ್ನು ಒಮ್ಮೆ ತೋರಿಸಿ, ನಾಲ್ಕನೆಯ ಮತ್ತು ಒಂಬತ್ತನೆಯ ನಿಮಿಷಗಳಲ್ಲಿ ಕಥೆ ನಿಲ್ಲಿಸಿ ಪ್ರಶ್ನೆ ಕೇಳಿದೆ. ಮೊದಲು "ವಿಡಿಯೊ ನಿಲ್ಲಿಸಿ ಎಂಟನ್ನೂ ಬರೆಯಿರಿ" ಎಂದಿದ್ದೆ. ಯಾರೂ ನಿಲ್ಲಿಸಲಿಲ್ಲ. ಈಗ "ಬಲ ಹೃತ್ಕುಕ್ಷಿಯಿಂದ ರಕ್ತ ಎಲ್ಲಿಗೆ?" ಎಂಬ ಒಂದೇ ಪ್ರಶ್ನೆ, ಎಂಟು ಸೆಕೆಂಡು ಖಾಲಿ ಪರದೆ. ಬೇಡವೆಂದರೂ ಮನಸ್ಸು ಹುಡುಕಿಬಿಡುತ್ತದೆ. ನಿಮಿಷಗಳ ಈ ಅಂತರ ದಿನಗಳ ಅಂತರಕ್ಕೆ ಸಮವಲ್ಲ ಎಂದು ಅಲ್ಲೇ ಹೇಳಿದ್ದೇನೆ.

ದಿನಗಳ ವಿಷಯಕ್ಕೆ ಬಂದರೆ, ಹುಡುಗ ಮತ್ತೆ ಕಲಿತ ದಿನವನ್ನು ಒಂದೆಂದು ಎಣಿಸೋಣ. ಹಾಗೆ ಎಣಿಸಿದಾಗ ಪರೀಕ್ಷೆ ಮೂವತ್ತನೆಯ ದಿನವಿರುವ ನನ್ನ ಹುಡುಗ 2, 5, 12 ಮತ್ತು 24ನೆಯ ದಿನಗಳಲ್ಲಿ ಹಾಳೆ ತೆಗೆಯುತ್ತಾನೆ. ಇವು ಮಂತ್ರಸಂಖ್ಯೆಗಳಲ್ಲ. ಎಷ್ಟು ದೂರದವರೆಗೆ ನೆನಪಿರಬೇಕೋ ಅದಕ್ಕೆ ತಕ್ಕಂತೆ ಅಂತರವೂ ಹಿಗ್ಗಬೇಕು. ಮುಂದಿನ ವಾರದ ಪರೀಕ್ಷೆಗೆ ಒಂದೆರಡು ದಿನದ ಅಂತರ ಸಾಕು. ಹಾಳೆಯೇ ಅದನ್ನು ಹೇಳುತ್ತದೆ. ಎಂಟೂ ಸರಸರನೆ ಬಂದರೆ ಬೇಗ ಬಂದುಬಿಟ್ಟಿದ್ದೀರಿ, ಮುಂದಿನ ಸಲ ಇನ್ನಷ್ಟು ತಡೆಯಿರಿ. ಒಂದೂ ಬರದೆ, ಮತ್ತೆ ಕಲಿಯಲು ಮೊದಲ ದಿನದಷ್ಟೇ ಹೊತ್ತು ಹಿಡಿದರೆ ತೀರಾ ತಡವಾಗಿದೆ. ತಿಣುಕಿ ತಿಣುಕಿ ಹೆಚ್ಚಿನವು ಬಂದರೆ ಆ ಅಂತರ ಸರಿ. ತಪ್ಪಿದ್ದಕ್ಕೆ ಮಾತ್ರ ಹತ್ತಿರದ ದಿನ ಕೊಡಬೇಕು, ಇಡೀ ಪಾಠಕ್ಕಲ್ಲ. ಪರೀಕ್ಷೆ ನಾಳೆಯೇ ಇದ್ದರೆ ಈ ಯಾವುದೂ ಇಲ್ಲ, ರಾತ್ರಿ ಓದಿಕೊಂಡು ಹೋಗಿ ಎನ್ನುತ್ತೇನೆ. ನಾಳೆಯ ಮಟ್ಟಿಗೆ ಅದು ನಡೆಯುತ್ತದೆ. ಅರ್ಥವಾಗದ ಪಾಠಕ್ಕೂ ಇದು ಮದ್ದಲ್ಲ. ಅಪಧಮನಿ ಎಂಬ ಹೆಸರಿನ ಗಂಟು ಬಿಡಿಸಿಕೊಳ್ಳದವನು ಇಪ್ಪತ್ತನಾಲ್ಕನೆಯ ದಿನವೂ ಅದೇ ಮೂರು–ಐದರಲ್ಲಿ ಎಡವುತ್ತಾನೆ. ಕಥೆಯಲ್ಲಿ ಐದನೆಯ ದಿನ ಹುಡುಗ ಶಿಕ್ಷಕಿಯ ಬಳಿಗೆ ಹೋಗಿ ಆ ಹೆಸರಿನ ಕಾರಣ ಕೇಳುವುದು ಅದಕ್ಕಾಗಿಯೇ.

ಹೊಸ ವಿಡಿಯೊ ಹನ್ನೊಂದು ನಿಮಿಷವಾಯಿತು. ತೋರಿಸಿದ ಮೇಲೆ ಸುಮಾರು ಎರಡು ವಾರ ಸುಮ್ಮನಿದ್ದೆ. "ನನಗೆ ಹಾಗೇನೂ ಇಲ್ಲ" ಎಂದಿದ್ದ ಹುಡುಗಿ ಒಂದು ದಿನ ನೋಟ್‌ಬುಕ್ಕಿನ ಹಾಳೆ ತಂದು ಮೇಜಿನ ಮೇಲಿಟ್ಟಳು. ಅದು ಹೃದಯದ ಪಾಠವಲ್ಲ, ಜೀರ್ಣಾಂಗಗಳ ಸಾಲು. ನಾಲ್ಕನೆಯ ಸಾಲು ಖಾಲಿಯಿತ್ತು. ಅದರ ಸುತ್ತ ಪೆನ್ಸಿಲಿನ ಸುತ್ತು, ಪಕ್ಕದಲ್ಲಿ ಮೂರು ದಿನ ಮುಂದಿನ ತಾರೀಕು. "ಉತ್ತರ ಹೇಳಬೇಡಿ ಟೀಚರ್, ಮನೆಗೆ ಹೋಗುವವರೆಗೆ ನೋಡುತ್ತೇನೆ" ಎಂದು ಹಾಳೆ ಎತ್ತಿಕೊಂಡು ಹೋದಳು.