ಒಂದೇ ಈಮೇಲ್, ಎರಡು ಭಾಷೆ: ಓದುವವರಿಗೆ ತಮ್ಮ ಭಾಗ ತಕ್ಷಣ ಸಿಗಬೇಕಾದರೆ

ಮುಂಬೈ ಹತ್ತಿರದ ಡೊಂಬಿವ್ಲಿಯಲ್ಲಿ ನಾವು ನಡೆಸುವ ಭಾನುವಾರದ ಕನ್ನಡ ತರಗತಿಗೆ ಬರುವ ಮಕ್ಕಳ ಮನೆಗಳಲ್ಲಿ ಅಜ್ಜ ಅಜ್ಜಿ ಕನ್ನಡ ಓದುತ್ತಾರೆ. ಅಪ್ಪ ಅಮ್ಮ ಕನ್ನಡ ಮಾತಾಡುತ್ತಾರೆ, ಆದರೆ ಶಾಲೆಯಲ್ಲಿ ಕಲಿತದ್ದು ಮರಾಠಿ. ಹಾಗಾಗಿ ಸೂಚನೆಗಳು ಎರಡೂ ಭಾಷೆಯಲ್ಲಿ ಹೋಗಬೇಕು.

ಹೋದ ವರ್ಷ ತರಗತಿಯ ಜಾಗ ಬದಲಾಯಿತು. ನಾನು ಕನ್ನಡದಲ್ಲಿ ಉದ್ದಕ್ಕೆ ಬರೆದು, ಕೊನೆಗೆ ಮರಾಠಿ ಸೇರಿಸಿ ಕಳಿಸಿದೆ. ಭಾನುವಾರ ಐದು ಮನೆಯವರು ಹಳೆಯ ಬಾಗಿಲ ಮುಂದೆ ಮಕ್ಕಳ ಜೊತೆ ನಿಂತಿದ್ದರು. ಮೊಬೈಲಿನಲ್ಲಿ ಮೇಲ್ ತೆರೆದಾಗ ಅವರಿಗೆ ಕಂಡದ್ದು ಬರೀ ಕನ್ನಡ. ಕೆಳಗೆ ಮರಾಠಿ ಇದೆ ಎಂದು ಬರೆದಿದ್ದೆ, ನಿಜ. ಆದರೆ ಅದನ್ನೂ ಕನ್ನಡದಲ್ಲೇ ಬರೆದಿದ್ದೆ! ಕನ್ನಡ ಓದಲು ಬಾರದವರಿಗೆ ಅದರಿಂದ ಏನು ಪ್ರಯೋಜನ?

ಮೊದಲು ತಿದ್ದಬೇಕಾದದ್ದು ಇದನ್ನೇ. ದಾರಿ ತೋರಿಸುವ ಸಾಲು ಕೆಳಗಿರುವ ಭಾಷೆಯಲ್ಲಿರಬೇಕು, ಅದೂ ಮೇಲ್‌ನ ಆರಂಭದಲ್ಲೇ. ಮೇಲಿನ ಭಾಷೆಯವರಿಗೆ ಅಂಥ ಸಾಲು ಬೇಕಿಲ್ಲ, ಅವರ ಮಾತು ಅಲ್ಲೇ ಶುರುವಾಗುತ್ತದೆ.

ಸಬ್ಜೆಕ್ಟ್ ಸಾಲಿನಲ್ಲೂ ಎರಡೂ ಭಾಷೆ ಇರಲಿ, ಆದರೆ ಚಿಕ್ಕದಾಗಿ. ಮೊಬೈಲಿನಲ್ಲಿ ಉದ್ದದ ಸಾಲು ಅರ್ಧಕ್ಕೆ ತುಂಡಾಗುತ್ತದೆ, ತುಂಡಾಗುವುದು ಎರಡನೇ ಭಾಷೆಯೇ. ಸಂಘದ ಹೆಸರು, ‘ಮುಖ್ಯ ಸೂಚನೆ’ ಎಂಬ ಮಾತು ಬೇಡ. ಏನಾಯಿತು ಎಂಬುದಷ್ಟೇ ಸಾಕು.

ಆಮೇಲೆ ಮುಖ್ಯ ವಿಷಯವನ್ನು ಪ್ರತಿ ಭಾಷೆಯಲ್ಲೂ ಒಂದೊಂದು ಸಾಲಿನಲ್ಲಿ ಮೇಲೇ ಹೇಳಿಬಿಡಿ. ವಿವರ ಎಷ್ಟೇ ಉದ್ದವಾಗಲಿ, ಇಬ್ಬರಿಗೂ ಮೊದಲ ಪರದೆಯಲ್ಲೇ ಸುದ್ದಿ ಸಿಗುತ್ತದೆ. ನಾನು ಈಗ ಕಳಿಸುವುದು ಹೀಗೆ, ಮೊದಲ ಸಾಲು ಸಬ್ಜೆಕ್ಟ್:

```
ತರಗತಿಯ ಜಾಗ ಬದಲು | वर्गाची जागा बदलली

ಈ ಭಾನುವಾರ 9:30ಕ್ಕೆ, 2ನೇ ಮಹಡಿಯಲ್ಲಿ.
या रविवारी 9:30 वाजता, 2ऱ्या मजल्यावर.
मराठी मजकूर खाली आहे.

ಕನ್ನಡ
(ಪೂರ್ತಿ ವಿವರ)

==========

मराठी
(संपूर्ण माहिती)
```

ತಲೆಬರಹ ಆಯಾ ಲಿಪಿಯಲ್ಲೇ ಇರುವುದನ್ನು ಗಮನಿಸಿ. ಕಣ್ಣು ಪದ ಓದುವ ಮೊದಲು ಲಿಪಿಯ ಆಕಾರ ಹಿಡಿಯುತ್ತದೆ. ಮೇಲೆ ಗೆರೆ ಎಳೆದ ದೇವನಾಗರಿ, ದುಂಡಗಿನ ಕನ್ನಡ, ಎರಡೂ ಬೇರೆಬೇರೆ ಎಂದು ದೂರದಿಂದಲೇ ಗೊತ್ತಾಗುತ್ತದೆ. ಮರಾಠಿ ಮತ್ತು ಹಿಂದಿಯಲ್ಲಿ ಬರೆಯುವಾಗ ಈ ಅನುಕೂಲ ಇಲ್ಲ, ಎರಡಕ್ಕೂ ಒಂದೇ ಲಿಪಿ ಅಲ್ವಾ? ಅಲ್ಲಿ ತಲೆಬರಹ ದಪ್ಪಕ್ಷರದಲ್ಲಿ, ದೊಡ್ಡದಾಗಿ ಇರಲೇಬೇಕು.

ನಡುವಿನ ಗೆರೆಗೆ ಎರಡು ಅಡ್ಡಗೆರೆ ಮತ್ತು ಒಂದು ಸ್ಪೇಸ್ ಹಾಕಬೇಡಿ. ಮೇಲ್ ಜಗತ್ತಿನಲ್ಲಿ ಅದು ಸಹಿ ಶುರುವಾಗುವ ಹಳೆಯ ಗುರುತು. ಕೆಲವು ಮೇಲ್ ಪ್ರೋಗ್ರಾಂಗಳು ಅದರ ಕೆಳಗಿನದನ್ನೆಲ್ಲ ಸಹಿ ಎಂದುಕೊಂಡು ಮಸುಕಾಗಿ ತೋರಿಸುತ್ತವೆ, ಉತ್ತರ ಬರೆಯುವಾಗ ಬಿಟ್ಟುಬಿಡುತ್ತವೆ. ನಿಮ್ಮ ಮರಾಠಿ ಪೂರ್ತಿ ಹೋಯಿತು.

ಎಡಕ್ಕೆ ಒಂದು ಭಾಷೆ, ಬಲಕ್ಕೆ ಇನ್ನೊಂದು ಎಂದು ಎರಡು ಕಾಲಂ ಮಾಡುವ ಆಸೆ ಬರುತ್ತದೆ. ಕಂಪ್ಯೂಟರಿನಲ್ಲಿ ಚೆನ್ನಾಗಿಯೇ ಕಾಣುತ್ತದೆ. ಮೊಬೈಲಿನಲ್ಲಿ ಒಂದು ಸಾಲಿಗೆ ಎರಡು ಮೂರು ಪದವಷ್ಟೇ ಹಿಡಿಸುತ್ತದೆ, ಓದಲಾಗುವುದಿಲ್ಲ. ಒಂದು ಪ್ಯಾರಾ ಕನ್ನಡ, ಒಂದು ಪ್ಯಾರಾ ಮರಾಠಿ ಎಂಬ ಕ್ರಮವೂ ಬೇಡ. ಪ್ರತಿ ಸಲ ಹಾರಿ ಹಾರಿ ಓದಬೇಕಾಗುತ್ತದೆ. ಒತ್ತಿದರೆ ಕೆಳಗಿನ ಭಾಗಕ್ಕೆ ಜಿಗಿಯುವ ಲಿಂಕ್ ಕೆಲವು ಮೊಬೈಲ್ ಆ್ಯಪ್‌ಗಳಲ್ಲಿ ಕೆಲಸವೇ ಮಾಡುವುದಿಲ್ಲ. ಅದನ್ನೇ ನಂಬಿ ಕೂರಬೇಡಿ.

ಮೇಲ್‌ನ ಗಾತ್ರವನ್ನೂ ನೋಡಿಕೊಳ್ಳಿ. ಸುಮಾರು 102 ಕೆಬಿ ದಾಟಿದರೆ ಜಿಮೇಲ್ ಉಳಿದದ್ದನ್ನು ಮಡಚಿ, ಪೂರ್ತಿ ನೋಡಲು ಒಂದು ಲಿಂಕ್ ಮಾತ್ರ ಬಿಡುತ್ತದೆ. ಮಡಚಿಹೋಗುವುದು ಮತ್ತೆ ಕೆಳಗಿನ ಭಾಷೆಯೇ. ಸಾದಾ ಪಠ್ಯ ಅಷ್ಟಾಗುವುದಿಲ್ಲ. ಆದರೆ ವರ್ಡ್‌ನಿಂದ ಹಾಗೇ ತಂದು ಅಂಟಿಸಿದರೆ ಕಣ್ಣಿಗೆ ಕಾಣದ ಫಾರ್ಮ್ಯಾಟಿಂಗ್ ಜಾಸ್ತಿ ಸೇರಿಕೊಳ್ಳುತ್ತದೆ. ಅಂಟಿಸುವಾಗ ಫಾರ್ಮ್ಯಾಟಿಂಗ್ ತೆಗೆದು ಅಂಟಿಸಿ.

ಇನ್ನು ಅಂಕಿಗಳು. ಎರಡೂ ಭಾಗದಲ್ಲಿ 9:30 ಎಂದೇ ಬರೆಯಿರಿ. ಒಂದು ಕಡೆ 9:30, ಇನ್ನೊಂದು ಕಡೆ ದೇವನಾಗರಿ ಅಂಕಿ ಹಾಕಿದರೆ ಹೋಲಿಸಿ ನೋಡುವುದು ಕಷ್ಟ. ಕೊನೆಯ ಗಳಿಗೆಯಲ್ಲಿ ಸಮಯ ಬದಲಾದಾಗ ಒಂದು ಭಾಷೆಯಲ್ಲಿ ತಿದ್ದಿ ಇನ್ನೊಂದನ್ನು ಮರೆಯುವುದು ತುಂಬ ಸಾಮಾನ್ಯ. ಕಳಿಸುವ ಮೊದಲು ಪದ ಬಿಟ್ಟು ಬರೀ ಅಂಕಿಗಳನ್ನು ಮೇಲಿಂದ ಕೆಳಗೆ ಓದಿ: ಕನ್ನಡದಲ್ಲಿ 9:30, 2. ಮರಾಠಿಯಲ್ಲೂ 9:30, 2. ಅದೇ ಕ್ರಮದಲ್ಲಿ ಬರದಿದ್ದರೆ ಎಲ್ಲೋ ತಪ್ಪಿದೆ.

ಕಳಿಸಿದ ಮೇಲೆ ತಪ್ಪು ಸಿಕ್ಕರೆ ಹಳೆಯ ಮೇಲ್‌ಗೇ ಉತ್ತರವಾಗಿ ತಿದ್ದುಪಡಿ ಹಾಕಬೇಡಿ. ಹೊಸ ಸಬ್ಜೆಕ್ಟ್ ಕೊಟ್ಟು ಎರಡೂ ಭಾಷೆಯಲ್ಲಿ ಮತ್ತೆ ಕಳಿಸಿ. ಒಂದೇ ಸರಪಳಿಯಲ್ಲಿ ಮತ್ತೆ ಬಂದ ಪಠ್ಯವನ್ನು ಜಿಮೇಲ್ ಮೂರು ಚುಕ್ಕಿಯ ಹಿಂದೆ ಮರೆಮಾಡಬಹುದು.

ಎಲ್ಲರಿಗೂ ಕಳಿಸುವ ಮೊದಲು ನಾನು ಮೇಲನ್ನು ನನಗೇ ಕಳಿಸಿಕೊಳ್ಳುತ್ತೇನೆ. ಮೊಬೈಲಿನಲ್ಲಿ ತೆರೆದು, ಕನ್ನಡ ಓದಲು ಬಾರದ ಪಕ್ಕದ ಮನೆಯ ವಹಿನಿಯ ಕೈಗೆ ಕೊಡುತ್ತೇನೆ. ತರಗತಿ ಎಲ್ಲಿ, ಎಷ್ಟು ಗಂಟೆಗೆ ಎಂದು ಕೇಳುತ್ತೇನೆ. ಪರದೆ ಸರಿಸದೆಯೇ ಅವರು ಉತ್ತರ ಹೇಳಿದರೆ ಮಾತ್ರ ಕಳಿಸುತ್ತೇನೆ.