ತಾರಸಿಗೆ ಬಿಳಿ ಟೈಲ್ಸ್: ಅಂಟಿನ ಲೆಕ್ಕ ತಪ್ಪುವುದು ಎಲ್ಲಿ?

ಬಿಸಿಲನ್ನು ಹಿಂದಕ್ಕೆ ಕಳಿಸುವ ಬಿಳಿ ಕೂಲ್ ರೂಫ್ ಟೈಲ್ಸ್ ಹಾಕಿಸುವವರು ಟೈಲ್ಸ್ ಎಣಿಕೆಯಲ್ಲಿ ಎಡವುವುದು ಕಡಿಮೆ. ಎಡವುವುದು ಅಂಟಿನ ಚೀಲದ ಲೆಕ್ಕದಲ್ಲಿ.

ಕಲಬುರಗಿಯ ಒಂದು ಮನೆಯನ್ನು ಊಹಿಸಿಕೊಳ್ಳಿ. ಪ್ಯಾರಾಪೆಟ್ ಗೋಡೆಯ ಒಳಗಿನಿಂದ ಅಳೆದರೆ ತಾರಸಿ 30 ಅಡಿ ಉದ್ದ, 20 ಅಡಿ ಅಗಲ. ನೀರಿನ ಟ್ಯಾಂಕಿನ ಕಟ್ಟೆಯ 20 ಚದರ ಅಡಿ ಕಳೆದರೆ ಉಳಿಯುವುದು 580 ಚದರ ಅಡಿ, ಅಂದರೆ ಸುಮಾರು 54 ಚದರ ಮೀಟರ್. 300 ಮಿಲಿಮೀಟರ್ ಚೌಕದ ಟೈಲ್, 3 ಮಿಲಿಮೀಟರ್ ಸಂದು ಸೇರಿ, ಹೆಚ್ಚುಕಡಿಮೆ ಒಂದು ಚದರ ಅಡಿಯನ್ನು ಮುಚ್ಚುತ್ತದೆ. ಹಾಗಾಗಿ 587 ಟೈಲ್ಸ್ ಬೇಕು. ಕತ್ತರಿಸುವಾಗ ಒಡೆಯುವುದಕ್ಕೆ ನೂರಕ್ಕೆ ಐದು ಸೇರಿಸಿ 617 ತರಿಸಿ.

ಸಿಮೆಂಟ್ ಆಧಾರಿತ ಟೈಲ್ ಅಂಟು ಒಂದು ಚದರ ಮೀಟರಿಗೆ, ಪ್ರತಿ ಮಿಲಿಮೀಟರ್ ದಪ್ಪಕ್ಕೆ ಅಂದಾಜು ಒಂದೂವರೆ ಕಿಲೋ ಹಿಡಿಯುತ್ತದೆ. 3 ಮಿಲಿಮೀಟರ್ ಹಾಸಿಗೆಗೆ 243 ಕಿಲೋ, ಎಂದರೆ 20 ಕಿಲೋದ 13 ಚೀಲ. ಆದರೆ ಹಳೆಯ ತಾರಸಿ ಎಲ್ಲಿ ಸಮತಟ್ಟಾಗಿರುತ್ತದೆ? ಗುಂಡಿಗಳನ್ನು ಅಂಟಿನಿಂದಲೇ ತುಂಬಲು ಹೊರಟರೆ ಸರಾಸರಿ ದಪ್ಪ 6 ಮಿಲಿಮೀಟರ್ ಆಗಿ, 25 ಚೀಲ ಖಾಲಿ. ಆದ್ದರಿಂದ ಮೊದಲು ತಾರಸಿ ತೊಳೆದು, ಒಂದು ಬಕೆಟ್ ನೀರು ಸುರಿದು ಎಲ್ಲಿ ನಿಲ್ಲುತ್ತದೆಂದು ನೋಡಿ. ಅಲ್ಲಿ ಅಗ್ಗದ ಸಿಮೆಂಟ್ ಗಾರೆಯಿಂದ ವಾಟ ಸರಿಪಡಿಸಿ. ಬಿರುಕು, ಸೋರಿಕೆಗಳನ್ನೂ ಆಗಲೇ ಮುಗಿಸಿ. ಟೈಲ್ಸ್ ಸೋರಿಕೆ ನಿಲ್ಲಿಸುವುದಿಲ್ಲ, ಮರೆಮಾಡುತ್ತದೆ ಅಷ್ಟೇ.

ಗಾರೆ ಒಣಗಿದ ಮೇಲೆ ಬೆಳಿಗ್ಗೆ ಬೇಗ ಕೆಲಸ ಶುರುಮಾಡಿಸಿ. ಹಲ್ಲುಳ್ಳ ಕರಣೆಯಿಂದ ಒಂದು ಸಲಕ್ಕೆ ಎರಡು ಮೂರು ಸಾಲಿಗೆ ಸಾಕಾಗುವಷ್ಟೇ ಅಂಟು ಎಳೆಯಬೇಕು. ಬೆರಳಿಗೆ ಅಂಟದಿದ್ದರೆ ಪೊರೆ ಕಟ್ಟಿದೆ ಎಂದರ್ಥ. ಅದನ್ನು ಕೆರೆದು ಎಸೆಯಬೇಕೇ ಹೊರತು ನೀರು ಚಿಮುಕಿಸಿ ಮೃದುಮಾಡಬಾರದು. ನಾಲ್ಕು ಮೂಲೆ, ನಡುವೆ ಒಂದು ಎಂದು ಉಂಡೆ ಇಟ್ಟು ಕೂರಿಸುವ ಚಾಳಿಗಂತೂ ಒಪ್ಪಲೇಬೇಡಿ. ಕೆಳಗಿನ ಟೊಳ್ಳಿನಲ್ಲಿ ಮಳೆನೀರು ಸೇರಿ ಟೈಲ್ ಎದ್ದು ಬರುತ್ತದೆ. ಆಗಾಗ ಹೊಸದಾಗಿ ಕೂರಿಸಿದ ಒಂದನ್ನು ಕಿತ್ತು ತಿರುಗಿಸಿ: ಬೆನ್ನಿಗೆಲ್ಲ ಅಂಟು ಮೆತ್ತಿರಬೇಕು.

ಗೋಡೆಯ ಬುಡದಲ್ಲಿ ಸುತ್ತಲೂ ಬೆರಳಗಲ ಜಾಗ ಬಿಟ್ಟು ಹಿಗ್ಗಿ ಕುಗ್ಗುವ ಸೀಲೆಂಟ್ ತುಂಬಿಸಿ. ಬಿಸಿಲಿಗೆ ಹಿಗ್ಗುವ ಟೈಲ್ಸಿಗೆ ಜಾಗವಿಲ್ಲದಿದ್ದರೆ ಅವು ನಡುವೆ ಗುಡಾರದಂತೆ ಏಳುತ್ತವೆ. ಮರುದಿನ ಸಂದುಗಳಿಗೆ ಬಿಳಿ ಗ್ರೌಟ್. ಈ ಅಳತೆಗೆ 15 ಕಿಲೋ ಸಾಕು. ವಾರದ ನಂತರ ನಾಣ್ಯದಿಂದ ಒಂದೊಂದನ್ನೂ ತಟ್ಟಿ ನೋಡಿ, ಟೊಳ್ಳು ಸದ್ದು ಬಂದವನ್ನು ಬದಲಿಸಿದ ಮೇಲೆಯೇ ಕೊನೆಯ ಕಂತು ಕೊಡಿ.